ಅಂಗಡಿ ಬಿಟ್ಟುಕೊಡುವಾಗ ಬರೆಯಬೇಕಾದ ಇಮೇಲ್: ದಾಸ್ತಾನು, ಬೀಗದ ಕೈ, ಬಾಕಿ ಆರ್ಡರು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನೀರಾವರಿ ಪೈಪು, ಪಂಪು ಮತ್ತು ಅಡಿಕೆ ತೋಟದ ಸಾಮಾನು ಮಾರುವ ಅಂಗಡಿಯೊಂದರ ಮ್ಯಾನೇಜರ್ ಕೆಲಸವನ್ನು ಕಳೆದ ಏಪ್ರಿಲ್ 30ರ ಸಂಜೆ ನಾನು ಬಿಟ್ಟುಕೊಟ್ಟೆ. ನನ್ನ ಜಾಗಕ್ಕೆ ಬಂದವರು ಇದೇ ಧಣಿಗಳಿಗೆ ಕರ್ನಾಟಕದ ವಿಟ್ಲದಲ್ಲಿರುವ ಅಂಗಡಿಯಲ್ಲಿ ಕೆಲವು ವರ್ಷ ದುಡಿದವರು. ವ್ಯಾಪಾರ ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಈ ಅಂಗಡಿಯ ಒಳಹೊರಗು ಗೊತ್ತಿರಲಿಲ್ಲ. ಅವರಿಗೆ ಬರೆದ ಹಸ್ತಾಂತರದ ಇಮೇಲನ್ನು ನಾನು ಮೂರು ಬಾರಿ ತಿದ್ದಿದೆ. ಹಾಗೆ ತಿದ್ದುವಾಗ ಯಾವ ಸಾಲು ಏಕೆ ಬೇಕಾಯಿತು, ಯಾವುದನ್ನು ಬಿಟ್ಟಿದ್ದರೆ ಯಾರಿಗೆ ತೊಂದರೆಯಾಗುತ್ತಿತ್ತು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದಾಗ ಹಿಂದಿನವರಿಂದ ನನಗೆ ಸಿಕ್ಕಿದ್ದು ಒಂದೇ ವಾಕ್ಯದ ಸಂದೇಶ: ಸಾಮಾನೆಲ್ಲ ಕಂಪ್ಯೂಟರಿನಲ್ಲಿ ಇರುವಂತೆಯೇ ಇದೆ, ಬೀಗದ ಕೈ ಮೇಜಿನ ಡ್ರಾಯರಿನಲ್ಲಿದೆ. ಮೂರನೆಯ ದಿನ ನೀರ್ಚಾಲಿನ ಕಡೆಯ ಹಿರಿಯರೊಬ್ಬರು ಮುಂಗಡ ಕೊಟ್ಟ ರಸೀದಿ ಹಿಡಿದು ಬಂದು ತಮ್ಮ ಪಂಪು ಎಲ್ಲಿ ಎಂದು ಕೇಳಿದರು. ನಾನು ಸೇರಿದ ದಿನ ಕಂಪ್ಯೂಟರಿನಲ್ಲಿ ಆ ಪಂಪು ಇತ್ತು, ಅಂಗಡಿಯಲ್ಲೂ ಇತ್ತು. ಆದರೆ ಅದನ್ನು ನಾನು ಹಿಂದಿನ ದಿನವಷ್ಟೇ ಇನ್ನೊಬ್ಬರಿಗೆ ಮಾರಿ ಆಗಿತ್ತು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆ ಪಂಪು ಯಾರಿಗೆ ಸೇರಿದ್ದು ಎಂಬುದನ್ನು ಮಾತ್ರ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಹಸ್ತಾಂತರದ ಪಟ್ಟಿಯಲ್ಲಿ ಸಾಮಾನು ಎಷ್ಟಿದೆ ಎಂಬುದಕ್ಕಿಂತ ಅದು ಯಾರದು ಎಂಬುದು ಮುಖ್ಯ ಎಂದು ನಾನು ತಿಳಿದುಕೊಂಡಿದ್ದು ಆ ದಿನ.

ಆದ್ದರಿಂದ ನನ್ನ ಇಮೇಲಿನ ಮೊದಲ ಸಾಲುಗಳಲ್ಲಿ ದಾಸ್ತಾನಿನ ಮಾತೇ ಇರಲಿಲ್ಲ. ಅವು ಹೀಗಿದ್ದವು:

«ಈ ಪಟ್ಟಿಯು ಏಪ್ರಿಲ್ 30ರ ಸಂಜೆ 6 ಗಂಟೆಗೆ ಅಂಗಡಿ ಇದ್ದ ಸ್ಥಿತಿಯನ್ನು ಹೇಳುತ್ತದೆ. ಕೊನೆಯ ಮಾರಾಟ ಬಿಲ್ಲಿನ ಸಂಖ್ಯೆ 1187. ಕೊನೆಯ ಖರೀದಿ ನಮೂದಿನ ಸಂಖ್ಯೆ 64. ಚೀಟಿ ಪುಸ್ತಕದಲ್ಲಿ ಕೊನೆಗೆ ಬರೆದ ಹಾಳೆ 212. ಈ ಸಂಖ್ಯೆಗಳವರೆಗಿನ ವ್ಯವಹಾರಕ್ಕೆ ಉತ್ತರ ಹೇಳಬೇಕಾದವನು ನಾನು. ಅದರ ಮುಂದಿನದ್ದಕ್ಕೆ ನೀವು.»

ದಿನಾಂಕ ಬರೆದರೆ ಸಾಲದೇ, ಇಷ್ಟೊಂದು ಸಂಖ್ಯೆ ಏಕೆ ಎಂದು ಕೇಳುವವರಿದ್ದಾರೆ. ಏಪ್ರಿಲ್ 30 ಎಂಬುದು ಇಡೀ ಒಂದು ದಿನ, ಅದರ ಬೆಳಗ್ಗೆಗೂ ಸಂಜೆಗೂ ನಡುವೆ ನಮ್ಮಲ್ಲಿ ನಲವತ್ತು ಬಿಲ್ಲುಗಳಾಗುತ್ತವೆ. ಪೈಪುಗಳನ್ನು ಬೆಳಗ್ಗೆ ಎಣಿಸಿ, ಬಿಡಿಭಾಗಗಳನ್ನು ಮಧ್ಯಾಹ್ನ ಎಣಿಸಿ, ಕಂಪ್ಯೂಟರಿನ ಪಟ್ಟಿಯನ್ನು ರಾತ್ರಿ ತೆಗೆದರೆ ಮೂರೂ ಮೂರು ಬೇರೆ ಹೊತ್ತಿನ ಲೆಕ್ಕಗಳಾಗಿ, ಎಂದಿಗೂ ತಾಳೆಯಾಗುವುದಿಲ್ಲ. ನಾವು ಮಾಡಿದ ಉಪಾಯ ಸರಳವಾದದ್ದು. ಎಣಿಸಿ ಮುಗಿದ ಪ್ರತಿಯೊಂದು ಸಾಲಿನ ಎದುರು ನೆಲದ ಮೇಲೆ ಚಾಕಿನಿಂದ ಗೆರೆ ಎಳೆದು ಎಣಿಸಿದ ಸಮಯ ಬರೆದೆವು. ಗೆರೆ ಎಳೆದ ಮೇಲೆ ಆ ಸಾಲಿನಿಂದ ಏನಾದರೂ ಮಾರಾಟವಾದರೆ ಅದನ್ನು ಬೇರೆಯದೇ ಹಾಳೆಯಲ್ಲಿ ಗುರುತು ಹಾಕಿಕೊಂಡು, ಸಂಜೆ ಆರಕ್ಕೆ ಎಣಿಕೆಯಿಂದ ಕಳೆದೆವು. ಮಾರ್ಚ್ 31ಕ್ಕೆ ಎಣಿಸಿದ ಪಟ್ಟಿ ಇದೆಯಲ್ಲ, ಅದನ್ನೇ ಮುಂದುವರಿಸಿದರೆ ಸಾಲದೇ ಎಂದು ಧಣಿಗಳು ಕೇಳಿದ್ದರು. ಸಾಲುವುದಿಲ್ಲ. ಅದು ವರ್ಷದ ಲೆಕ್ಕ ಮುಗಿಸುವುದಕ್ಕಾಗಿ ಮಾಡಿದ ಪಟ್ಟಿ. ಮಳೆಗಾಲದ ಮುಂಚಿನ ಒಂದು ತಿಂಗಳಲ್ಲಿ ನಮ್ಮ ಗೋದಾಮಿನ ಅರ್ಧ ಸಾಮಾನು ಬದಲಾಗಿ ಹೋಗುತ್ತದೆ.

ಈಗ ದಾಸ್ತಾನಿಗೆ ಬರುತ್ತೇನೆ. ನಮ್ಮಲ್ಲಿ ಒಂಬೈನೂರಕ್ಕೂ ಹೆಚ್ಚು ಬಗೆಯ ಸಾಮಾನುಗಳಿವೆ. ಅವೆಲ್ಲವನ್ನೂ ಇಮೇಲಿನಲ್ಲಿ ಬರೆಯುವ ಅಗತ್ಯವಿಲ್ಲ, ಎಣಿಕೆಯ ಪಟ್ಟಿಯನ್ನು ಲಗತ್ತಿಸಿದರೆ ಸಾಕು. ಬರೆಯಬೇಕಾದುದು ಕಂಪ್ಯೂಟರಿನ ಸಂಖ್ಯೆಗೂ ಕಣ್ಣಿಗೆ ಕಂಡ ಸಂಖ್ಯೆಗೂ ವ್ಯತ್ಯಾಸ ಬಂದ ಸಾಮಾನುಗಳನ್ನು ಮಾತ್ರ, ಅದೂ ವ್ಯತ್ಯಾಸದ ಕಾರಣದ ಸಮೇತ. ಒಂದೇ ಒಂದು ಸಾಮಾನನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ.

ನಾವು ಎರಡಿಂಚಿನ ಪೈಪು ಎಂದು ಕರೆಯುವ 63 ಮಿಲಿಮೀಟರಿನ, ಆರು ಕೆಜಿ ಒತ್ತಡದ, ಆರು ಮೀಟರ್ ಉದ್ದದ ಪಿವಿಸಿ ಪೈಪು ಕಂಪ್ಯೂಟರಿನ ಪ್ರಕಾರ 112 ಇರಬೇಕಿತ್ತು. ಮೊದಲ ಎಣಿಕೆಯಲ್ಲಿ 85 ಸಿಕ್ಕಿತು. ಗೋದಾಮಿನ ಅಣ್ಣನವರು ನಕ್ಕು, ಮೂರಿಂಚಿನ ಪೈಪುಗಳ ಹೊಟ್ಟೆ ನೋಡಿದ್ದೀರಾ ಎಂದರು. ಲಾರಿಯಲ್ಲಿ ಜಾಗ ಉಳಿಸುವುದಕ್ಕಾಗಿ ದೊಡ್ಡ ಪೈಪಿನೊಳಗೆ ಸಣ್ಣ ಪೈಪನ್ನು ತೂರಿಸಿ ಕಳುಹಿಸುವುದು ವಾಡಿಕೆ. ಇಳಿಸುವ ದಿನ ಮಳೆ ಬಂದರೆ ಅಥವಾ ಆಳು ಕಡಿಮೆಯಾದರೆ ಅವು ಹಾಗೆಯೇ ಅಟ್ಟಕ್ಕೆ ಏರಿಬಿಡುತ್ತವೆ. ಟಾರ್ಚು ಹಾಕಿ ನೋಡಿದಾಗ 11 ಪೈಪುಗಳು ಒಳಗಿದ್ದವು. ಲೆಕ್ಕ 96 ಆಯಿತು. ಆದರೆ ಅವುಗಳಲ್ಲಿ ಮೂರು ಪೈಪುಗಳು ನಾಲ್ಕು ಕೆಜಿ ಒತ್ತಡದವು. ನಾಲ್ಕು ಕೆಜಿಯದಕ್ಕೂ ಆರು ಕೆಜಿಯದಕ್ಕೂ ಹೊರಗಿನ ಅಳತೆ ಒಂದೇ, ಗೋಡೆಯ ದಪ್ಪ ಮಾತ್ರ ಬೇರೆ, ಆದ್ದರಿಂದ ರಾಶಿಯನ್ನು ದೂರದಿಂದ ನೋಡಿದವರಿಗೆ ಅದು ತಿಳಿಯುವುದಿಲ್ಲ. ಪೈಪಿನ ಮೈಮೇಲೆ ಅಚ್ಚಾದ ಬರಹವನ್ನು ಓದಬೇಕು, ಇಲ್ಲವೇ ತುದಿಯನ್ನು ಬೆರಳಿನಿಂದ ಹಿಡಿದು ನೋಡಬೇಕು. ಆ ಮೂರನ್ನು ಅವುಗಳ ಸಾಲಿಗೆ ಸೇರಿಸಿದ ಮೇಲೆ ನಿಜವಾದ ಎಣಿಕೆ 93 ಎಂದು ನಿಂತಿತು.

112 ಇರಬೇಕಾದಲ್ಲಿ 93 ಇದೆ, 19 ಕಡಿಮೆ. ಇಷ್ಟನ್ನೇ ಬರೆದು ಬಿಟ್ಟಿದ್ದರೆ ನನ್ನ ಕಾಲದಲ್ಲಿ 19 ಪೈಪು ಕಳವಾಯಿತು ಎಂದೇ ಓದಿದವರು ತಿಳಿದುಕೊಳ್ಳುತ್ತಿದ್ದರು. ಚೀಟಿ ಪುಸ್ತಕವನ್ನು ಹಿಂದಕ್ಕೆ ಮಗುಚಿದಾಗ ಕಾರಣಗಳು ಸಿಕ್ಕವು. ಪೆರ್ಲದ ಕಡೆಯ ಕೃಷಿಕರೊಬ್ಬರು ಏಪ್ರಿಲ್ 26ರಂದು 24 ಪೈಪುಗಳನ್ನು ಚೀಟಿಯ ಮೇಲೆ ಒಯ್ದಿದ್ದರು. ನಮ್ಮ ಕಡೆ ತೋಟಕ್ಕೆ ಲೈನ್ ಎಳೆಯುವವರು ಬೇಕಾಗಬಹುದಾದುದಕ್ಕಿಂತ ತುಸು ಹೆಚ್ಚೇ ಒಯ್ದು, ಕೆಲಸ ಮುಗಿದ ಮೇಲೆ ಉಳಿದುದನ್ನು ಹಿಂದೆ ತಂದು, ಬಳಸಿದ್ದಕ್ಕೆ ಮಾತ್ರ ಬಿಲ್ಲು ಮಾಡಿಸಿಕೊಳ್ಳುವುದು ರೂಢಿ. ಬಿಲ್ಲಾಗದ ಕಾರಣ ಆ 24 ಇನ್ನೂ ಕಂಪ್ಯೂಟರಿನಲ್ಲಿ ನಮ್ಮ ಗೋದಾಮಿನಲ್ಲಿಯೇ ಇವೆ. ಇನ್ನೊಬ್ಬರು ಬಿಲ್ಲು ಮಾಡಿಸಿ ಒಯ್ದುದರಲ್ಲಿ 6 ಪೈಪುಗಳನ್ನು ಹಿಂದೆ ಕೊಟ್ಟಿದ್ದರು. ಪೈಪು ಅಂಗಡಿಗೆ ಬಂದಿದೆ, ಹಣ ಹಿಂದಿರುಗಿಸುವ ಕ್ರೆಡಿಟ್ ನೋಟು ಬರೆದಿಲ್ಲ. ಒಂದು ಪೈಪು ಇಳಿಸುವಾಗ ಸೀಳಿ, ತುಂಡು ಮಾಡಿ ಪ್ಲಂಬರನಿಗೆ ಕೊಟ್ಟಿದ್ದೆವು. ಅದನ್ನು ಹಾಳಾದ ಲೆಕ್ಕಕ್ಕೆ ಬರೆದಿರಲಿಲ್ಲ. 112ರಿಂದ 24 ಕಳೆದು, 6 ಕೂಡಿಸಿ, 1 ಕಳೆದರೆ 93. ಇಮೇಲಿನಲ್ಲಿ ಈ ಸಾಮಾನಿಗೆ ನಾನು ಬರೆದದ್ದು ಈ ನಾಲ್ಕು ಸಂಖ್ಯೆಗಳನ್ನು, ಪ್ರತಿಯೊಂದರ ಪಕ್ಕದಲ್ಲಿ ಚೀಟಿಯ ಹಾಳೆ ಸಂಖ್ಯೆಯನ್ನು, ಮತ್ತು ಬಾಕಿ ಉಳಿದ ಕೆಲಸವನ್ನು: 24ರಲ್ಲಿ ಎಷ್ಟು ಹಿಂದೆ ಬರುತ್ತದೆಂದು ವಿಚಾರಿಸಿ ಬಿಲ್ಲು ಮಾಡುವುದು, 6ಕ್ಕೆ ಕ್ರೆಡಿಟ್ ನೋಟು ಬರೆಯುವುದು, 1ನ್ನು ದಾಸ್ತಾನಿನಿಂದ ತೆಗೆದುಹಾಕುವುದು.

ಇಲ್ಲಿಗೆ ಮುಗಿಯಿತೇ ಎಂದರೆ ಇಲ್ಲ. ಈ 93ರಲ್ಲಿ 40 ಪೈಪುಗಳಿಗೆ ಮುಳ್ಳೇರಿಯದ ಗಿರಾಕಿಯೊಬ್ಬರು ಮುಂಗಡ ಕೊಟ್ಟಿದ್ದಾರೆ. ಅವುಗಳನ್ನು ಎಡಗೋಡೆಯ ಪಕ್ಕ ಕೆಂಪು ಹಗ್ಗದಿಂದ ಕಟ್ಟಿ ಇಟ್ಟಿದ್ದೇವೆ. ಹೊಸ ಮ್ಯಾನೇಜರು ಮೇ ಒಂದರ ಬೆಳಗ್ಗೆ ಧೈರ್ಯವಾಗಿ ಮಾರಬಹುದಾದುದು 53 ಮಾತ್ರ. ಆದ್ದರಿಂದ ವ್ಯತ್ಯಾಸ ಬಂದ ಪ್ರತಿ ಸಾಮಾನಿಗೂ ನಾನು ಮೂರು ಸಂಖ್ಯೆಗಳನ್ನು ಕೊಟ್ಟೆ: ಕಂಪ್ಯೂಟರಿನಲ್ಲಿ ಇರುವುದು, ಕಣ್ಣಿಗೆ ಕಂಡದ್ದು, ಮಾರಲು ಬಿಡುವಾಗಿರುವುದು. ಕೌಂಟರಿನಲ್ಲಿ ನಿಂತವರಿಗೆ ಬೇಕಾಗುವುದು ಈ ಮೂರನೆಯದು. ಅದು ಯಾವ ತಂತ್ರಾಂಶವೂ ತಾನಾಗಿ ಹೇಳುವ ಸಂಖ್ಯೆಯಲ್ಲ, ಮುಂಗಡವನ್ನು ಆರ್ಡರಾಗಿ ನಮೂದಿಸಿದ್ದರೆ ಮಾತ್ರ ಹೇಳುತ್ತದೆ. ನಮ್ಮಲ್ಲಿ ಮುಂಗಡಗಳು ಪುಸ್ತಕದಲ್ಲಿ ಇರುತ್ತವೆ.

ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿಯೂ ಇದೆ. ಅಂಗಡಿಯಲ್ಲಿ ಇದ್ದರೂ ನಮ್ಮದಲ್ಲದ ಸಾಮಾನು. ವಾರಂಟಿಗೆಂದು, ಕಾಯಿಲ್ ಕಟ್ಟಿಸುವುದಕ್ಕೆಂದು ಜನರು ಬಿಟ್ಟುಹೋದ ಏಳು ಮೋಟಾರುಗಳು ಹಿಂದಿನ ಕೋಣೆಯಲ್ಲಿ ಇದ್ದವು. ಅವುಗಳಿಗೆ ಹೆಸರು, ಊರು, ತಂದ ದಿನ ಬರೆದ ಚೀಟಿ ಕಟ್ಟಿ, ಇಮೇಲಿನಲ್ಲಿ ಬೇರೆಯೇ ಪ್ಯಾರಾದಲ್ಲಿ ಬರೆದೆ. ದಾಸ್ತಾನಿನ ಪಟ್ಟಿಯೊಳಗೆ ಇವು ಸೇರಿದರೆ ಎಣಿಕೆ ಹೆಚ್ಚಾಗಿ ಕಂಡು, ಬೇರೆಲ್ಲೋ ಕಡಿಮೆಯಾದುದನ್ನು ಮುಚ್ಚಿಬಿಡುತ್ತದೆ.

ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹೊಸಬರು ಬಂದು ಸೇರಿದ ಹೊತ್ತು ಅಂಥದು. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಬಿಡುವ ಮೊದಲ ಸುತ್ತು ಮಳೆ ಹಿಡಿಯುವ ಮೊದಲೇ, ಎಂದರೆ ಮೇ ಕೊನೆಯ ಹೊತ್ತಿಗೆ ನಡೆಯಬೇಕು. ಎರಡನೆಯದು ಅದಾಗಿ 40–45 ದಿನಗಳಿಗೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೇ ತಿಂಗಳಲ್ಲಿ ಮೈಲುತುತ್ತು ಇಲ್ಲ ಎನ್ನುವ ಅಂಗಡಿಗೆ ಗಿರಾಕಿಗಳು ಜುಲೈಯಲ್ಲಿ ಬರುವುದಿಲ್ಲ.

ನಮ್ಮ ಕಂಪ್ಯೂಟರಿನಲ್ಲಿ ಈ ಒಂದೇ ವಸ್ತು ಎರಡು ಹೆಸರಿನಲ್ಲಿ ಕುಳಿತಿದೆ. ಚೀಲವನ್ನು ನಾನು `CUSO4 50KG` ಎಂದು ಹಾಕಿದ್ದೆ. ಮಲಯಾಳ ಮಾತಾಡುವ ಗಿರಾಕಿಗಳು ಕೇಳುವುದು ತುರಿಶ್ ಎಂದು; ಕೌಂಟರಿನ ಹುಡುಗ ಒಂದು ಕೆಜಿಯ ಪೊಟ್ಟಣಗಳಿಗೆ `THURISHU 1KG` ಎಂದು ಇನ್ನೊಂದು ಹೆಸರನ್ನು ಸೃಷ್ಟಿಸಿದ್ದ. ಚೀಲ ಬಿಚ್ಚಿ ಪೊಟ್ಟಣ ಕಟ್ಟಿದಾಗಲೆಲ್ಲ ಒಂದರಿಂದ 50 ಕೆಜಿ ಕಳೆದು ಇನ್ನೊಂದಕ್ಕೆ ಸೇರಿಸುವ ನಮೂದು ಮಾಡಬೇಕು. ಮರೆತರೆ ಚೀಲದ ಲೆಕ್ಕ ಹೆಚ್ಚು, ಪೊಟ್ಟಣದ ಲೆಕ್ಕ ಸೊನ್ನೆಗಿಂತ ಕೆಳಗೆ. ಯಾವುದಾದರೂ ಸಾಮಾನಿನ ಮುಂದೆ ಕಂಪ್ಯೂಟರು ಋಣ ಸಂಖ್ಯೆ ತೋರಿಸಿದರೆ ಅದು ಕಳವಿನ ಗುರುತಲ್ಲ, ಬಹುಮಟ್ಟಿಗೆ ಇಂಥ ಎರಡು ಹೆಸರಿನ ಗುರುತು. ಕಾಸರಗೋಡಿನ ಅಂಗಡಿಗಳಲ್ಲಿ ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ನಾಲ್ಕರಲ್ಲೂ ಹೆಸರಿರುವ ಸಾಮಾನು ಬೇಕಾದಷ್ಟಿವೆ. ಹಾಗಾಗಿ ಇಂಥ ಜೋಡಿ ಹೆಸರುಗಳ ಒಂದು ಸಣ್ಣ ಪಟ್ಟಿಯನ್ನು ಇಮೇಲಿಗೆ ಲಗತ್ತಿಸಿದೆ. ವಿಟ್ಲದಿಂದ ಬಂದವರಿಗೆ ನನ್ನ ಇಡೀ ಪತ್ರದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಎಂದು ಅವರೇ ಆಮೇಲೆ ಹೇಳಿದರು.

ಎಣಿಕೆಯಲ್ಲಿ ಎಂಟು ಚೀಲ, 35 ಪೊಟ್ಟಣ ಸಿಕ್ಕಿದವು. ಒಟ್ಟು 435 ಕೆಜಿ. ಮಂಗಳೂರಿನ ವ್ಯಾಪಾರಿಗೆ 20 ಚೀಲ, ಅಂದರೆ 1000 ಕೆಜಿ ಹೇಳಿ ಆಗಿದೆ. ಎರಡೂ ಸೇರಿ 1435. ಮುಂಗಡ ಕೊಟ್ಟ 23 ಮಂದಿಯ ಬೇಡಿಕೆ ಕೂಡಿಸಿದರೆ 1150 ಕೆಜಿ. ಬಿಡುವಾಗಿರುವುದು 285 ಕೆಜಿ. ಇದು ಸುಲಭದ ಭಾಗ. ಕಷ್ಟದ ಭಾಗವೆಂದರೆ ದರ. ಮೈಲುತುತ್ತಿನ ಬೆಲೆ ತಾಮ್ರದ ಬೆಲೆಯ ಹಿಂದೆ ಓಡುವಂಥದು. 23 ಮಂದಿಯಲ್ಲಿ 9 ಮಂದಿಗೆ, ಒಟ್ಟು 410 ಕೆಜಿಗೆ, ನಾನು ಏಪ್ರಿಲಿನ ದರಕ್ಕೇ ಕೊಡುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿದ್ದೆ; ಉಳಿದವರಿಗೆ ಒಯ್ಯುವ ದಿನದ ದರ ಎಂದಿದ್ದೆ. ರಸೀದಿಗಳಲ್ಲಿ ಇದಾವುದೂ ಇಲ್ಲ, ಮೊತ್ತ ಮಾತ್ರ ಇದೆ. ನಾನು ಹಾಗೆ ಒಪ್ಪಿದಾಗ ಮಂಗಳೂರಿನವರು ತಮ್ಮ ದರವನ್ನು ಇನ್ನೂ ನಿಗದಿ ಮಾಡಿ ಹೇಳಿರಲಿಲ್ಲ. ನಾನು ಬರೆಯದೆ ಹೋಗಿದ್ದರೆ ಆ ಒಂಬತ್ತು ಮಂದಿ ನನ್ನ ಮಾತನ್ನು ನೆನಪಿಸಿದಾಗ ಹೊಸಬರು ನಂಬಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಿದ್ದರು. ಅದರ ಸುದ್ದಿ ಹರಡಿದ ಮೇಲೆ ಉಳಿದ ಹದಿನಾಲ್ಕು ಮಂದಿಯೂ ತಮಗೂ ಹಾಗೆಯೇ ಹೇಳಿದ್ದರೆನ್ನುವುದು ಸಹಜ. ಆದ್ದರಿಂದ ಬಾಕಿ ಆರ್ಡರಿನ ಪಟ್ಟಿಯಲ್ಲಿ ಹೆಸರು, ಪ್ರಮಾಣ, ಮುಂಗಡ, ರಸೀದಿ ಸಂಖ್ಯೆಗಳ ಜೊತೆಗೆ ದರ ಒಪ್ಪಿದ್ದೇ ಇಲ್ಲವೇ ಎಂಬ ಒಂದು ಕಲಮು ಇರಲೇಬೇಕು. ಒಪ್ಪಿದವರಿಗೆ ಆ ದಿನವೇ ಫೋನು ಮಾಡಿ, ಈ ಮಾತನ್ನು ಹೊಸಬರಿಗೆ ಬರೆದು ಕೊಟ್ಟಿದ್ದೇನೆಂದು ತಿಳಿಸಿದೆ.

ಗೋದಾಮಿನಲ್ಲಿ ಮೈಲುತುತ್ತನ್ನು ಎಲ್ಲಿ ಇಟ್ಟಿದೆ ಎಂಬುದನ್ನೂ ಪತ್ರದಲ್ಲಿ ಬರೆದೆ, ಅದಕ್ಕೂ ಕಾರಣವಿದೆ. ಎರಡು ವರ್ಷದ ಹಿಂದೆ ಒಂದು ಚೀಲ ಹರಿದು, ತೇವಕ್ಕೆ ಕರಗಿದ ನೀಲಿ ನೀರು ಕೆಳಗಿನ ಹಲಗೆಯಲ್ಲಿದ್ದ ಕಬ್ಬಿಣದ ಕ್ಲ್ಯಾಂಪುಗಳ ಪೆಟ್ಟಿಗೆಗೆ ಇಳಿದಿತ್ತು. ಪೆಟ್ಟಿಗೆ ತೆರೆದಾಗ ಕ್ಲ್ಯಾಂಪುಗಳ ಮೇಲೆ ಹೊಸ ಪೈಸೆಯ ಹಾಗೆ ಕೆಂಪು ತಾಮ್ರದ ಪೊರೆ ಕೂತಿತ್ತು, ಅದನ್ನು ಉಜ್ಜಿದರೆ ಒಳಗೆ ಕಬ್ಬಿಣ ತಿಂದುಹೋಗಿತ್ತು. ಸುಣ್ಣ ಕಡಿಮೆಯಾದ ಬೋರ್ಡೋ ದ್ರಾವಣದಲ್ಲಿ ಚೂರಿ ಅದ್ದಿದರೆ ಕೆಂಪಾಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಮೈಲುತುತ್ತು ಬಲಗೋಡೆಯ ಪ್ಲಾಸ್ಟಿಕ್ ಹಲಗೆಯ ಮೇಲೆ, ಕಬ್ಬಿಣ ಎಡಗಡೆ. ಸುಣ್ಣದ ಚೀಲಗಳ ಮೇಲೆ ಬಂದ ತಾರೀಕು ಬರೆದಿದೆ. ಗಾಳಿಯ ತೇವ ಹೀರಿ ಹುಡಿಯಾದ ಹಳೆಯ ಸುಣ್ಣವನ್ನು ಮೇ ತಿಂಗಳಲ್ಲಿ ಯಾರಿಗೂ ಕೊಡಬಾರದು.

ಇನ್ನು ನಮಗೆ ಬರಬೇಕಾದ ಸಾಮಾನು. ಮಂಗಳೂರಿನ ಆ 20 ಚೀಲಗಳ ಬಿಲ್ಲು ಏಪ್ರಿಲ್ 29ರದು. ಲಾರಿ ಬರುವುದು ಮೇ 2ಕ್ಕೆ. ಬಿಲ್ಲಿನ ಪ್ರತಿ ನಮ್ಮ ಕೈಗೆ ಬಂದಿರುವುದರಿಂದ ಅದನ್ನು ಏಪ್ರಿಲಿನ ಖರೀದಿಯಾಗಿ ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆಯನ್ನು ಪಡೆಯಬೇಕಾದರೆ ಸಾಮಾನು ಕೈಸೇರಿರಬೇಕು ಎಂಬುದು ಜಿಎಸ್‌ಟಿ ಕಾನೂನಿನ ನಿಯಮ. ನಾವು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು, ಆದ್ದರಿಂದ ಈ ಬಿಲ್ಲಿನ ಜಮೆ ಮೇ ತಿಂಗಳದು. ಏಪ್ರಿಲಿನ ದಾಸ್ತಾನಿಗೂ ಅದು ಸೇರುವುದಿಲ್ಲ. ಅದಕ್ಕಾಗಿಯೇ ಖರೀದಿ ನಮೂದು 64ರಲ್ಲಿ ನಿಂತಿದೆ, ಈ ಬಿಲ್ಲು 65 ಆಗುತ್ತದೆ ಎಂದು ಬರೆದೆ. ಲಾರಿ ಬಂದಾಗ ಚೀಲ ಎಣಿಸಿ, ತೂಕ ನೋಡಿ, ಕಡಿಮೆಯಿದ್ದರೆ ಲಾರಿಯವನ ಪ್ರತಿಯಲ್ಲಿಯೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕಾದವರು ಹೊಸಬರೇ. ನಾನು ಆರ್ಡರು ಕೊಟ್ಟೆ ಎಂಬ ಕಾರಣಕ್ಕೆ ಕಡಿಮೆ ಬಂದುದಕ್ಕೆ ನಾನು ಉತ್ತರ ಹೇಳಲಾಗುವುದಿಲ್ಲ.

ಲಾರಿ ಇಳಿಸುವ ವಿಷಯವನ್ನೂ ಒಂದು ಸಾಲಿನಲ್ಲಿ ಹೇಳಿದೆ. ಕೇರಳದಲ್ಲಿ ಲೋಡು ಇಳಿಸುವ ಕೆಲಸ ಸಾಮಾನ್ಯವಾಗಿ ಆಯಾ ಪೇಟೆಯ ಚುಮಟ್ಟು ಕಾರ್ಮಿಕರದು, ಹಿಂದಿನ ದಿನವೇ ಅವರಿಗೆ ಹೇಳಿಡಬೇಕು. ವಿಟ್ಲದಲ್ಲಿ ಅಂಗಡಿಯ ಹುಡುಗರೇ ಇಳಿಸಿಕೊಂಡು ರೂಢಿಯಾದವರಿಗೆ ಇದು ಹೊಸತು.

ವಿಟ್ಲದ ಮಾತು ಬಂದುದರಿಂದ ಹೇಳುತ್ತೇನೆ, ನನ್ನ ಪತ್ರದ ಅತಿ ಕಷ್ಟದ ಪ್ಯಾರಾ ಬರೆದದ್ದು ಆ ಅಂಗಡಿಯ ಬಗೆಗೆ. ಎರಡೂ ಅಂಗಡಿ ಒಂದೇ ಧಣಿಗಳದು, ನಡುವೆ ಇರುವುದು ಪೆರ್ಲದ ಮೇಲಿನ ಒಂದು ರಸ್ತೆ. ಇಲ್ಲಿ ಹತ್ತು ಪೈಪು ಕಡಿಮೆಯಾದರೆ ಅಲ್ಲಿಂದ, ಅಲ್ಲಿ ಒಂದು ಪಂಪು ಬೇಕಾದರೆ ಇಲ್ಲಿಂದ, ಜೀಪಿನಲ್ಲಿ ಹಾಕಿ ಚೀಟಿ ಬರೆದು ಕಳುಹಿಸುವುದು ಹಿಂದಿನಿಂದ ನಡೆದು ಬಂದಿತ್ತು. ಆದರೆ ಆ ರಸ್ತೆಯ ನಡುವೆ ರಾಜ್ಯದ ಗಡಿಯಿದೆ. ವಿಟ್ಲದ ಅಂಗಡಿಯ ಜಿಎಸ್‌ಟಿ ಸಂಖ್ಯೆ 29ರಿಂದ ಆರಂಭವಾಗುತ್ತದೆ, ನಮ್ಮದು 32ರಿಂದ. ಒಡೆಯರು ಒಬ್ಬರೇ ಆದರೂ ಎರಡು ರಾಜ್ಯಗಳ ನೋಂದಣಿಗಳನ್ನು ಕಾನೂನು ಬೇರೆ ಬೇರೆ ವ್ಯಕ್ತಿಗಳೆಂದೇ ನೋಡುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಮಾನು ಹೋದರೆ, ಹಣ ಕೈಬದಲಾಗದಿದ್ದರೂ, ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ ಹಾಕಿದ ಬಿಲ್ಲು ಬೇಕು. ಸಾಮಾನಿನ ಮೌಲ್ಯ 50,000 ರೂಪಾಯಿ ಮೀರಿದರೆ ಸಾಗಾಟದ ಇ-ವೇ ಬಿಲ್ಲೂ ಬೇಕು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು ನಿಜ, ನಿಯಮ ಹೋಗಲಿಲ್ಲ.

ಏಪ್ರಿಲ್ 30ರಂದು ಇಂಥ ಎರಡು ಚೀಟಿಗಳು ನನ್ನ ಪುಸ್ತಕದಲ್ಲಿ ಬಾಕಿ ಇದ್ದವು: ಅಲ್ಲಿಂದ ಬಂದ 12 ಬಾಲ್ ವಾಲ್ವು, ಇಲ್ಲಿಂದ ಹೋದ ಒಂದು ಪಂಪು. ಅವನ್ನು ಮುಚ್ಚಿಟ್ಟು ದಾಸ್ತಾನನ್ನು ತಾಳೆ ಮಾಡಿ ಕೊಡುವುದು ಸುಲಭವಿತ್ತು. ಹಾಗೆ ಮಾಡದೆ ಎರಡನ್ನೂ ಹೆಸರಿಸಿ, ಇವುಗಳಿಗೆ ಬಿಲ್ಲು ಆಗಬೇಕು, ಇದು ನನ್ನ ಕಾಲದ ಲೋಪ ಎಂದು ಬರೆದು, ಲೆಕ್ಕಪತ್ರ ನೋಡುವವರಿಗೂ ಧಣಿಗಳಿಗೂ ಅದೇ ಇಮೇಲಿನ ಪ್ರತಿ ಕಳುಹಿಸಿದೆ. ಧಣಿಗಳಿಗೆ ಸ್ವಲ್ಪ ಬೇಸರವಾಯಿತು. ಆದರೆ ಬಿಟ್ಟುಹೋಗುವವನು ಬರೆಯದ ಲೋಪ ಬರುವವನ ಹೆಸರಿಗೆ ಅಂಟಿಕೊಳ್ಳುತ್ತದೆ.

ಬೀಗದ ಕೈಗಳ ಬಗೆಗೆ ಬಹಳ ಮಂದಿ ಎಷ್ಟು ಕೊಟ್ಟೆ ಎಂದು ಬರೆಯುತ್ತಾರೆ. ಒಟ್ಟು ಎಷ್ಟು ಇರಬೇಕು ಎಂದು ಬರೆಯುವುದಿಲ್ಲ. ನಮ್ಮ ಎರಡು ಶಟರುಗಳಿಗೆ ನಾಲ್ಕು ಬೀಗಗಳು, ಪ್ರತಿ ಬೀಗಕ್ಕೂ ಮೂರು ಕೈ, ಒಟ್ಟು ಹನ್ನೆರಡು. ನಾಲ್ಕು ನನ್ನಲ್ಲಿದ್ದವು, ನಾಲ್ಕು ಗೋದಾಮಿನ ಅಣ್ಣನವರಲ್ಲಿ, ಮೂರು ಧಣಿಗಳ ಮನೆಯಲ್ಲಿ. ಹನ್ನೊಂದಾಯಿತು. ಬಲ ಶಟರಿನ ಎಡಬದಿಯ ಬೀಗದ ಒಂದು ಕೈ ಯಾರಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊಟ್ಟ ಕೈಗಳನ್ನಷ್ಟೇ ಎಣಿಸಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ. ಅಂಥ ಬೀಗಕ್ಕೆ ಹುಡುಕಾಟ ಬೇಡ, ಬೀಗವನ್ನೇ ಬದಲಾಯಿಸಬೇಕು. ಅದನ್ನು ಆ ಸಂಜೆಯೇ ಮಾಡಿ, ಹೊಸ ಬೀಗದ ಮೂರೂ ಕೈಗಳನ್ನು ಹೊಸಬರ ಎದುರೇ ಹಂಚಿದೆವು. ಪ್ರತಿ ಕೈಗೂ ಪ್ಲಾಸ್ಟಿಕ್ ಚೀಟಿ ಕಟ್ಟಿ ಸಂಖ್ಯೆ ಮಾತ್ರ ಬರೆದೆ. ಯಾವ ಸಂಖ್ಯೆ ಯಾವ ಬೀಗದ್ದು ಎಂಬುದು ಪತ್ರದಲ್ಲಿದೆ, ಕೈಯ ಮೇಲಿಲ್ಲ, ದಾರಿಯಲ್ಲಿ ಬಿದ್ದರೆ ಸಿಕ್ಕಿದವರಿಗೆ ಬಾಗಿಲು ತಿಳಿಯಬಾರದಲ್ಲ. ಗಲ್ಲಾದ ನಂಬರ್ ಬೀಗದ ಅಂಕಿಗಳನ್ನು ಇಮೇಲಿನಲ್ಲಿ ಬರೆಯಲಿಲ್ಲ, ಎದುರೇ ಹೇಳಿ ಬದಲಾಯಿಸಿಕೊಳ್ಳಲು ತಿಳಿಸಿದೆ.

ಕಬ್ಬಿಣದ್ದಲ್ಲದ ಬೀಗದ ಕೈಗಳೂ ಇವೆ, ಈಗ ಅವುಗಳದೇ ಹೆಚ್ಚಿನ ತಾಪತ್ರಯ. ಜಿಎಸ್‌ಟಿ ತಾಣಕ್ಕೂ ಇ-ವೇ ಬಿಲ್ಲಿನ ತಾಣಕ್ಕೂ ನನ್ನ ಮೊಬೈಲ್ ಸಂಖ್ಯೆ ನೋಂದಣಿಯಾಗಿತ್ತು, ಒಟಿಪಿ ನನಗೆ ಬರುತ್ತಿತ್ತು. ನಾನು ಹೊರಟ ಮೇಲೆ ಲಾರಿ ಹೊರಡುವ ಹೊತ್ತಿಗೆ ನನ್ನ ಫೋನು ಸಿಗದಿದ್ದರೆ ಅಂಗಡಿಯ ವ್ಯವಹಾರ ಅಲ್ಲಿಗೇ ನಿಲ್ಲುತ್ತಿತ್ತು. ಪಾಸ್‌ವರ್ಡ್ ಕೊಟ್ಟರೆ ಇದು ಪರಿಹಾರವಾಗುವುದಿಲ್ಲ, ಸಂಖ್ಯೆಯನ್ನೇ ಬದಲಾಯಿಸಬೇಕು, ಮತ್ತು ಅದನ್ನು ಹೊರಡುವ ವಾರದ ಮೊದಲೇ ಮಾಡಿಸಬೇಕು. ಗಿರಾಕಿಗಳು ಆರ್ಡರು ಕಳುಹಿಸುವ ವಾಟ್ಸ್‌ಆ್ಯಪ್ ಅಂಗಡಿಯ ಸಿಮ್‌ನಲ್ಲಿಯೇ ಇದ್ದುದರಿಂದ ಫೋನನ್ನು ಹಾಗೆಯೇ ಒಪ್ಪಿಸಿದೆ. ನನ್ನ ಸ್ವಂತ ಸಂಖ್ಯೆಗೆ ಬಂದಿದ್ದ ಐದು ಆರ್ಡರುಗಳನ್ನು ಅದಕ್ಕೆ ಕಳುಹಿಸಿ, ಆ ಐವರಿಗೂ ಇನ್ನು ಮುಂದೆ ಅಲ್ಲಿಗೇ ಬರೆಯಿರಿ ಎಂದೆ.

ಇಮೇಲಿನ ಕೊನೆಯಲ್ಲಿ ಒಂದು ಕೋರಿಕೆ ಇತ್ತು. ತಲುಪಿತು ಎಂದಷ್ಟೇ ಉತ್ತರ ಬರೆಯದೆ, ಪಟ್ಟಿಯಲ್ಲಿರುವ ಯಾವುದಾದರೂ ಹತ್ತು ಸಾಮಾನುಗಳನ್ನು ತಾವೇ ಆರಿಸಿ ಎಣಿಸಿ, ಬಂದ ಸಂಖ್ಯೆಯನ್ನು ಬರೆದು ಕಳುಹಿಸಬೇಕು, ಅದಕ್ಕೆ ಮೇ 7ರವರೆಗೆ ಸಮಯ ಎಂದು. ಅವರು ಮೇ 4ರಂದೇ ಬರೆದರು. ಒಂಬತ್ತು ಸರಿಯಿದ್ದವು. ಹತ್ತನೆಯದು 16 ಮಿಲಿಮೀಟರಿನ ಡ್ರಿಪ್ ಪೈಪಿನ ಬಿಚ್ಚಿದ ಸುರುಳಿ. ನಾನು ಅಂದಾಜಿನ ಮೇಲೆ 180 ಮೀಟರ್ ಎಂದು ಬರೆದಿದ್ದೆ. ಅವರು ಒಂದು ಮೀಟರ್ ತುಂಡನ್ನು ತೂಗಿ, ಸುರುಳಿಯನ್ನೂ ತೂಗಿ, ಭಾಗಿಸಿ 146 ಎಂದು ತಿಳಿಸಿದರು. ನಾನು ಮರುದಿನವೇ ಹಿಂದಿನ ಪಟ್ಟಿಯಲ್ಲಿ ಆ ಸಾಲನ್ನು ತಿದ್ದಿ, ತಿದ್ದಿದ ತಾರೀಕು ಹಾಕಿ, ಮೂವರಿಗೂ ಮತ್ತೆ ಕಳುಹಿಸಿದೆ.